ಸರಕು ಹಿಂಪಡೆಯುವ ಪ್ರಕಟಣೆ: ಮರೆಮಾಚುವ ಮಾತು, ತಿಳಿಸುವ ಮಾತು

2015ರ ಜೂನ್ 5ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮ್ಯಾಗಿ ನೂಡಲ್ಸನ್ನು ಮಾರುಕಟ್ಟೆಯಿಂದ ಹಿಂಪಡೆಯುವಂತೆ ನೆಸ್ಲೆ ಇಂಡಿಯಾ ಸಂಸ್ಥೆಗೆ ಆದೇಶಿಸಿತು. ನಮ್ಮ ರಾಜ್ಯದ ನಂಜನಗೂಡಿನಲ್ಲಿಯೂ ಆ ಸಂಸ್ಥೆಯ ಕಾರ್ಖಾನೆ ಇರುವುದರಿಂದ ಈ ಪ್ರಕರಣ ನಮಗೆ ದೂರದ್ದಲ್ಲ. ಅಂದು ಸಂಸ್ಥೆ ಹೊರಡಿಸಿದ ಪ್ರಕಟಣೆಯ ತಿರುಳು ಹೀಗಿತ್ತು: ಆಧಾರವಿಲ್ಲದ ಆತಂಕಗಳಿಂದ ಗ್ರಾಹಕರಲ್ಲಿ ಗೊಂದಲ ಉಂಟಾಗಿದೆ, ಉತ್ಪನ್ನ ಸುರಕ್ಷಿತವಾಗಿದ್ದರೂ ಹಿಂಪಡೆಯುತ್ತಿದ್ದೇವೆ.

ಅದೇ ವರ್ಷದ ಆಗಸ್ಟ್ 13ರಂದು ಮುಂಬಯಿ ಉಚ್ಚ ನ್ಯಾಯಾಲಯವು ನಿಷೇಧವನ್ನು ರದ್ದುಪಡಿಸಿ ಹೊಸ ಪರೀಕ್ಷೆಗೆ ಆದೇಶಿಸಿತು. ನವೆಂಬರ್‌ನಲ್ಲಿ ಸರಕು ಅಂಗಡಿಗಳಿಗೆ ಮರಳಿತು. ಸಂಸ್ಥೆಯ ವಾದಕ್ಕೆ ಬಲ ಬಂದಿತಾದರೂ ಜೂನ್ ತಿಂಗಳ ಆ ವಾಕ್ಯ ಒಳ್ಳೆಯ ವಾಕ್ಯವಾಗಿರಲಿಲ್ಲ. ಸರಕು ಹಿಂದಕ್ಕೆ ಹೋಗಲು ಗ್ರಾಹಕನ ಗೊಂದಲವೇ ಕಾರಣವೆಂದು ಅದು ಹೇಳಿತು. ಆದರೆ ಮನೆಯಲ್ಲಿ ಪೊಟ್ಟಣವಿರುವವನು ಮೊದಲು ಕೇಳುವ ಪ್ರಶ್ನೆ ಬೇರೆ: ಏನು ಕಂಡುಬಂದಿದೆ, ನಾನೀಗ ಏನು ಮಾಡಬೇಕು?

ಇದನ್ನು ನಮ್ಮ ಜಿಲ್ಲೆಯ ವ್ಯವಹಾರಕ್ಕೆ ಅನ್ವಯಿಸಿ ನೋಡೋಣ. ಉದಾಹರಣೆಗಾಗಿ ರಾಯಚೂರಿನಲ್ಲಿ ಖಾರದ ಪುಡಿ ತಯಾರಿಸುವ ಒಬ್ಬ ಉದ್ಯಮಿಯನ್ನು ಕಲ್ಪಿಸಿಕೊಳ್ಳಿ. 200 ಗ್ರಾಂನ 6,000 ಪೊಟ್ಟಣಗಳ ಒಂದು ಬ್ಯಾಚಿನಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಕಿಲೋಗ್ರಾಮಿಗೆ 46 ಮೈಕ್ರೋಗ್ರಾಂ ಇರುವುದಾಗಿ ಪ್ರಯೋಗಾಲಯ ವರದಿ ನೀಡಿದೆ. ಮಸಾಲೆ ಪದಾರ್ಥಗಳಿಗೆ ಅನುಮತಿಸಿರುವ ಮಿತಿ 30. ಮೆಣಸಿನಕಾಯಿ ಸರಿಯಾಗಿ ಒಣಗದಿದ್ದರೆ ಅಥವಾ ಗೋದಾಮಿನಲ್ಲಿ ತೇವ ತಾಗಿದರೆ ಈ ವಿಷ ಹುಟ್ಟುತ್ತದೆ. ಗಾಬರಿಯಲ್ಲಿ ಬರೆಯುವ ಪ್ರಕಟಣೆ ಬಹುತೇಕ ಹೀಗಿರುತ್ತದೆ:

“ಕೆಲವು ತಾಂತ್ರಿಕ ಕಾರಣಗಳಿಂದಾಗಿ ಆಯ್ದ ಕೆಲವು ಪೊಟ್ಟಣಗಳನ್ನು ಮುನ್ನೆಚ್ಚರಿಕೆಯ ಕ್ರಮವಾಗಿ ಹಿಂಪಡೆಯಲಾಗುತ್ತಿದೆ. ಗ್ರಾಹಕರು ಆತಂಕಪಡುವ ಅಗತ್ಯವಿಲ್ಲ. ಗುಣಮಟ್ಟವೇ ನಮ್ಮ ಧ್ಯೇಯ.”

ಇಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಓದಿದವನಿಗೆ ಅನುಮಾನ ಹುಟ್ಟುತ್ತದೆ. ‘ತಾಂತ್ರಿಕ ಕಾರಣ’ ಎಂದರೆ ಯಂತ್ರ ಕೆಟ್ಟಿತೇ, ವಿಷ ಬೆರೆಯಿತೇ? ‘ಆಯ್ದ ಕೆಲವು’ ಎಂದರೆ ತನ್ನ ಮನೆಯ ಪೊಟ್ಟಣ ಸೇರಿತೇ? ‘ಹಿಂಪಡೆಯಲಾಗುತ್ತಿದೆ’ ಎಂಬ ಕ್ರಿಯಾಪದದಲ್ಲಿ ಕರ್ತೃವೇ ಇಲ್ಲ. ವಿಷಯವನ್ನೇ ಹೇಳದೆ ಆತಂಕಪಡಬೇಡಿ ಎಂದರೆ ಆತಂಕ ಇಮ್ಮಡಿಯಾಗುತ್ತದೆ. ಧ್ಯೇಯವಾಕ್ಯವಂತೂ ಈ ಸಂದರ್ಭದಲ್ಲಿ ಅಣಕದಂತೆ ಕೇಳಿಸುತ್ತದೆ.

ಅದನ್ನೇ ತಿದ್ದಿ ಬರೆದರೆ:

“ನಮ್ಮ 200 ಗ್ರಾಂ ಖಾರದ ಪುಡಿಯ ಬ್ಯಾಚ್ ಸಂಖ್ಯೆ 214ನ್ನು ನಾವು ಹಿಂಪಡೆಯುತ್ತಿದ್ದೇವೆ. ಪೊಟ್ಟಣದ ಹಿಂಭಾಗದಲ್ಲಿ ಬೆಲೆಯ ಕೆಳಗೆ ಈ ಸಂಖ್ಯೆ ಇರುತ್ತದೆ. ಇದರಲ್ಲಿ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಅನುಮತಿಸಿದ ಮಿತಿಗಿಂತ ಹೆಚ್ಚಾಗಿ ಕಂಡುಬಂದಿದೆ. ದೀರ್ಘಕಾಲ ಸೇವಿಸಿದರೆ ಇದು ಯಕೃತ್ತಿಗೆ ಹಾನಿಕರ. ಅಡುಗೆಯ ಶಾಖದಿಂದ ಇದು ಹೋಗುವುದಿಲ್ಲವಾದ್ದರಿಂದ ಪುಡಿಯನ್ನು ಬಳಸಬೇಡಿ. ತೆರೆದ ಪೊಟ್ಟಣವಾದರೂ ಕೊಂಡ ಅಂಗಡಿಗೆ ಮರಳಿಸಿ. ರಸೀದಿ ಇಲ್ಲದಿದ್ದರೂ ಪೂರ್ಣ ಹಣ ದೊರೆಯುತ್ತದೆ. ರಾಯಚೂರಿಗೆ 3,400, ದೇವದುರ್ಗಕ್ಕೆ 1,100, ಮಾನ್ವಿಗೆ 900 ಪೊಟ್ಟಣಗಳು ಹೋಗಿವೆ. ಉಳಿದ 600 ನಮ್ಮ ಗೋದಾಮಿನಲ್ಲಿವೆ. ತೇವ ಎಲ್ಲಿ ತಾಗಿತೆಂಬುದು ಇನ್ನೂ ತಿಳಿದಿಲ್ಲ. ಬರುವ ಸೋಮವಾರ ಇದೇ ಪತ್ರಿಕೆಯಲ್ಲಿ ತಿಳಿಸುತ್ತೇವೆ.”

ಈ ಬರಹ ಉದ್ದವಾಯಿತು, ನಿಜ. ಆದರೆ ಇದರಲ್ಲಿ ಹೊಗಳಿಕೆಯ ಒಂದು ಗುಣವಾಚಕವೂ ಇಲ್ಲದಿರುವುದನ್ನು ಗಮನಿಸಿ. ಬರಹಕ್ಕೆ ಶಾಂತ ಧ್ವನಿ ಬಂದದ್ದು ಅಂಕಿಗಳಿಂದ. 6,000 ಪೊಟ್ಟಣಗಳ ಲೆಕ್ಕವನ್ನು ಊರೂರಿಗೆ ಹಂಚಿ ತೋರಿಸಿದವನ ಕೈಯಲ್ಲಿ ವಹಿವಾಟಿನ ಹಿಡಿತವಿದೆ ಎಂದು ಓದುಗ ತಾನೇ ತೀರ್ಮಾನಿಸುತ್ತಾನೆ. ತಿಳಿಯದ್ದನ್ನು ತಿಳಿಯದೆಂದೇ ಹೇಳಿ ದಿನ ಗೊತ್ತುಮಾಡಿದ್ದರಿಂದ ಊಹಾಪೋಹಕ್ಕೂ ಎಡೆ ಕಡಿಮೆ. ಆದರೆ ಆ ಸೋಮವಾರ ತಪ್ಪಬಾರದು. ಕಾರಣ ಸಿಗದಿದ್ದರೆ ಸಿಗಲಿಲ್ಲವೆಂದಾದರೂ ಪ್ರಕಟಿಸಬೇಕು.

ವಕೀಲರು ಇಷ್ಟು ಬಿಚ್ಚಿ ಹೇಳಲು ಒಪ್ಪದಿರಬಹುದು. ತಪ್ಪು ಯಾರದೆಂಬುದನ್ನು ಈ ಪ್ರಕಟಣೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ, ವರದಿಯಲ್ಲಿರುವುದನ್ನಷ್ಟೇ ತಿಳಿಸುತ್ತದೆ. 2017ರ ಆಹಾರ ಹಿಂಪಡೆಯುವಿಕೆ ನಿಯಮಾವಳಿಯಂತೆ ಹಿಂಪಡೆಯುವ ಕ್ರಮ ಆರಂಭಿಸಿದ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಇದನ್ನು ತಿಳಿಸಲೇಬೇಕಾಗಿರುವುದರಿಂದ ಮುಚ್ಚಿಟ್ಟು ಉಳಿಸಿಕೊಳ್ಳುವುದೇನೂ ಇಲ್ಲ.

ನಮ್ಮ ಕಡೆಯ ಒಂದು ತೊಡಕನ್ನು ಮಾತ್ರ ಈ ತಿದ್ದುಪಡಿಯೂ ಬಿಡಿಸುವುದಿಲ್ಲ. ಹಳ್ಳಿಯ ಸಣ್ಣ ಅಂಗಡಿಯವರು ಪೊಟ್ಟಣ ಒಡೆದು ಐದು ಹತ್ತು ರೂಪಾಯಿಗೆ ಕಾಗದದಲ್ಲಿ ಕಟ್ಟಿಕೊಡುವಾಗ ಬ್ಯಾಚ್ ಸಂಖ್ಯೆ ಅಂಗಡಿಯಲ್ಲೇ ಉಳಿಯುತ್ತದೆ. ಅಂಥ ಗ್ರಾಹಕರಿಗಾಗಿ ಪ್ರಕಟಣೆಯಲ್ಲಿ ಸರಕು ಅಂಗಡಿ ತಲುಪಿದ ದಿನಾಂಕವನ್ನೂ ನಮೂದಿಸಿ, ಆ ದಿನದ ನಂತರ ಬಿಡಿಯಾಗಿ ಕೊಂಡ ಪುಡಿಯನ್ನೂ ಮರಳಿ ಪಡೆಯುವುದಾಗಿ ಸೇರಿಸಬೇಕು. ಬೇರೆ ಬ್ಯಾಚಿನ ಪುಡಿಯೂ ಒಂದಷ್ಟು ಹಿಂದಿರುಗಿ ಬರುತ್ತದೆ. ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.