ಟ್ಯಾಂಕಿನ ಲೆಕ್ಕ, ನಲ್ಲಿಯ ಲೆಕ್ಕ

ಮಕ್ಕಳು ತಮ್ಮ ಬೀದಿಯ ನೀರನ್ನು ಸಮೀಕ್ಷೆ ಮಾಡುವ ಯೋಜನೆ ಕರ್ನಾಟಕದ ಶಾಲೆಗಳಿಗೆ ಹೊಸದಲ್ಲ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದ ಮಕ್ಕಳಿಂದ ಕೇಳುವುದೇ ಇದನ್ನು: ನಿಮ್ಮೂರಿನ ಒಂದು ಪ್ರಶ್ನೆ ಹಿಡಿಯಿರಿ, ಅಳೆಯಿರಿ, ನಿಮ್ಮ ಭಾಷೆಯಲ್ಲಿ ಮಂಡಿಸಿ. ನಮ್ಮ ರಾಜ್ಯದಲ್ಲಿ ಅದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 2004 ಮತ್ತು 2005ರ ಸಮಾವೇಶಗಳ ಮುಖ್ಯ ವಿಷಯವೇ ಜಲಸಂಪನ್ಮೂಲವಾಗಿತ್ತು.

ಇಂಥ ವರದಿಗಳಲ್ಲಿ ಹೆಚ್ಚಾಗಿ ಸೋಲುವುದು ಮೊದಲ ಪ್ರಶ್ನೆಯೇ. ‘ನಿಮ್ಮ ಮನೇಲಿ ದಿನಕ್ಕೆ ಎಷ್ಟು ಲೀಟರ್ ನೀರು ಬಳಸ್ತೀರಿ?’ ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರವಿಲ್ಲ, ಆದರೂ ಎಲ್ಲರೂ ಒಂದು ಸಂಖ್ಯೆ ಹೇಳುತ್ತಾರೆ. ಮಕ್ಕಳು ಅದನ್ನು ಬರೆದುಕೊಂಡು, ಕೂಡಿ, ಭಾಗಿಸಿ, ಬಣ್ಣದ ಚಾರ್ಟು ಮಾಡುತ್ತಾರೆ. ಚಾರ್ಟು ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಅಳತೆ ಇರುವುದಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಹೈಸ್ಕೂಲು ಮಕ್ಕಳು ಈ ಕೆಲಸಕ್ಕೆ ಇಳಿದರೆ ಹೇಗೆ ಮಾಡಬೇಕು ಎಂದು ನೋಡೋಣ. ತಾಲ್ಲೂಕಿನಲ್ಲಿ ಹೇಮಾವತಿ ಹರಿಯುತ್ತದೆ. ಆದರೂ ಹಲವು ಹಳ್ಳಿಗಳಲ್ಲಿ ಮನೆಯ ನಲ್ಲಿಗೆ ಬರುವುದು ಕೊಳವೆಬಾವಿಯಿಂದ ಟ್ಯಾಂಕಿಗೆ ಏರಿಸಿ, ನೀರಗಂಟಿ ವಾಲ್ವ್ ತಿರುಗಿಸಿ ಬಿಡುವ ನೀರು. ಅಲ್ಲಿ ನೀರನ್ನು ಎರಡು ಕಡೆ ಅಳೆಯಬಹುದು: ಟ್ಯಾಂಕಿನಿಂದ ಹೊರಟದ್ದು, ನಲ್ಲಿಗಳಿಗೆ ಮುಟ್ಟಿದ್ದು. ಈ ಎರಡು ಲೆಕ್ಕ ತಾಳೆಯಾಗುತ್ತವೆಯೇ ಎಂಬುದೇ ಇಡೀ ಯೋಜನೆಯ ಜೀವ.

ಮೊದಲು ನಲ್ಲಿಯ ಕಡೆ. ಬಕೆಟ್ ಇಟ್ಟು, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆಯಬೇಕು. 15 ಲೀಟರ್ ಬಕೆಟ್ 75 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 12 ಲೀಟರ್. ಆದರೆ ಆ ಬಕೆಟ್ ನಿಜವಾಗಿ 15 ಲೀಟರಿನದೇ? ಅಂಗಡಿಯವರು ಹೇಳುವುದು ಕಂಠಮಟ್ಟದ ಅಳತೆ, ನಾವು ತುಂಬುವುದು ನಾಲ್ಕು ಬೆರಳು ಕೆಳಗೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಊರಿನ ಹಾಲಿನ ಡೇರಿಯ ತಕ್ಕಡಿಯ ಮೇಲೆ ಖಾಲಿ ಬಕೆಟ್ ಒಮ್ಮೆ, ತುಂಬಿದ ಬಕೆಟ್ ಒಮ್ಮೆ ಇಟ್ಟರೆ ಸತ್ಯ ತಿಳಿಯುತ್ತದೆ. ಇದನ್ನು ಬಿಟ್ಟರೆ ಹತ್ತು ಪರ್ಸೆಂಟ್ ತಪ್ಪು ಎಲ್ಲ ಮನೆಗಳ ಲೆಕ್ಕದಲ್ಲೂ ಒಂದೇ ದಿಕ್ಕಿಗೆ ಸೇರಿಕೊಳ್ಳುತ್ತದೆ. ಎಷ್ಟು ಸಲ ಮತ್ತೆ ಅಳೆದರೂ ಇಂಥ ತಪ್ಪು ಬಯಲಾಗುವುದಿಲ್ಲ.

ಬಕೆಟ್ ಎಲ್ಲಿ ಹಿಡಿಯುತ್ತೇವೆ ಎಂಬುದೂ ಮುಖ್ಯ. ಬೀದಿಯ ಕೊನೆಯಲ್ಲಿ ನೀರು ಏರದೆ ಎಷ್ಟೋ ಮನೆಯವರು ಗುಂಡಿ ತೋಡಿ ನಲ್ಲಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿಕೊಂಡಿರುತ್ತಾರೆ. ಅವರು ದಿನವೂ ಹಿಡಿಯುವ ಜಾಗದಲ್ಲೇ ಅಳೆಯಬೇಕು, ಗುಂಡಿ ಇದೆ ಎಂದು ಪಕ್ಕದಲ್ಲಿ ಬರೆದುಕೊಳ್ಳಬೇಕು. ಒತ್ತಡ ಎಲ್ಲಿ ಕಡಿಮೆ ಎಂಬುದಕ್ಕೆ ಆ ಗುಂಡಿಯೇ ಸಾಕ್ಷಿ.

ನೀರು ಬಿಟ್ಟಾಗ, ನಡುವೆ, ನಿಲ್ಲುವ ಮುನ್ನ ಹೀಗೆ ಮೂರು ಸಲ ಅಳೆಯಲು ಕಾರಣವಿದೆ. ಟ್ಯಾಂಕಿನ ಮಟ್ಟ ಇಳಿದಂತೆ ಹರಿವು ಕುಗ್ಗುತ್ತದೆ, ಆದರೆ ಮಟ್ಟ ಇಳಿದಷ್ಟೇ ಪ್ರಮಾಣದಲ್ಲಿ ಅಲ್ಲ. ಹೆಚ್ಚುಕಡಿಮೆ ಎತ್ತರದ ವರ್ಗಮೂಲಕ್ಕೆ ತಕ್ಕಂತೆ. ನಲ್ಲಿಯಿಂದ 9 ಮೀಟರ್ ಮೇಲಿದ್ದ ನೀರು 7.8 ಮೀಟರಿಗೆ ಇಳಿದರೆ ಹರಿವು ಕುಗ್ಗುವುದು ಸುಮಾರು ಏಳು ಪರ್ಸೆಂಟ್ ಮಾತ್ರ. ಅದು ಇದ್ದಕ್ಕಿದ್ದಂತೆ ಅರ್ಧಕ್ಕೆ ಬಿತ್ತೆಂದರೆ ಕಾರಣ ಟ್ಯಾಂಕ್ ಅಲ್ಲ. ಆ ಲೈನಿನಲ್ಲಿ ಯಾರೋ ಪೈಪಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುತ್ತಿರಬಹುದು. ಮೋಟಾರ್ ನಿಂತ ಕೂಡಲೇ ಹರಿವು ಮರಳಿದರೆ ಅನುಮಾನ ಗಟ್ಟಿಯಾಯಿತು.

ಈಗ ಲೆಕ್ಕಕ್ಕೆ ಬರೋಣ. ಮುಂದಿನ ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು. ಒಂದು ಬೀದಿ: 40 ಮನೆ, 160 ಜನ, ದಿನ ಬಿಟ್ಟು ದಿನ ಒಂದು ಗಂಟೆ ನೀರು. ಪ್ರತಿ ಮನೆಯ ಹರಿವನ್ನು ನಲ್ಲಿ ತೆರೆದಿದ್ದ ನಿಮಿಷಗಳಿಂದ ಗುಣಿಸಿ, ಎಲ್ಲ ಕೂಡಿದಾಗ 18,000 ಲೀಟರ್ ಬಂತು. ತಲೆಗೆ 112 ಲೀಟರ್. ಎರಡು ದಿನಕ್ಕೊಮ್ಮೆ ಬರುವ ನೀರಾದ್ದರಿಂದ ದಿನಕ್ಕೆ ಅದರ ಅರ್ಧ, 56. (ಈ ಅರ್ಧ ಮಾಡುವುದನ್ನು ಮರೆಯುವ ತಂಡಗಳು ಬಹಳ.) 2019ರ ಜಲ ಜೀವನ್ ಮಿಷನ್ ಗ್ರಾಮೀಣ ಮನೆಗಳಿಗೆ ಗೊತ್ತುಮಾಡಿದ ಮಟ್ಟ ತಲೆಗೆ ದಿನಕ್ಕೆ 55 ಲೀಟರ್. ಬೀದಿ ಪಾಸಾಯಿತು.

ನಿಜಕ್ಕೂ ಪಾಸಾಯಿತೇ? ಟ್ಯಾಂಕಿನ ಪಕ್ಕದ ಮನೆಯಲ್ಲಿ ನಿಮಿಷಕ್ಕೆ 12 ಲೀಟರ್, ಗಂಟೆಗೆ 720, ದಿನಕ್ಕೆ 360. ನಾಲ್ಕು ಜನ, ತಲೆಗೆ 90. ಬೀದಿಯ ಕೊನೆಯ ಮನೆಯಲ್ಲಿ ನಿಮಿಷಕ್ಕೆ 4 ಲೀಟರ್, ಗಂಟೆಗೆ 240, ದಿನಕ್ಕೆ 120. ಅಲ್ಲೂ ನಾಲ್ಕು ಜನ, ಜೊತೆಗೆ ಕೊಟ್ಟಿಗೆಯಲ್ಲಿ ಒಂದು ಕರೆಯುವ ಹಸು. ಸೀಮೆಹಸು ದಿನಕ್ಕೆ 60 ಲೀಟರ್ ಕುಡಿದರೆ ಆಶ್ಚರ್ಯವಿಲ್ಲ. ಉಳಿದದ್ದು ತಲೆಗೆ 15 ಲೀಟರ್. ಹಸುವಿಗೆ ಕೆರೆಯಲ್ಲೋ ನಾಲೆಯಲ್ಲೋ ಕುಡಿಸುತ್ತಾರೆಯೇ ಎಂದು ಕೇಳಿದ ಮೇಲೆ ಈ ಅಂಕಿ ಬದಲಾಗಬಹುದು, ಆದ್ದರಿಂದ ಕೇಳಲೇಬೇಕು. ಕೇಳುವುದು ಜಗಲಿಯಲ್ಲಿ ಕೂತ ಯಜಮಾನರನ್ನಲ್ಲ, ನೀರು ಹಿಡಿಯುವ ಕೈಯನ್ನು: ‘ಅಕ್ಕ, ನೆನ್ನೆ ಹಸುವಿಗೆ ಎಷ್ಟು ಬಕೆಟ್ ಇಟ್ರಿ?’ ‘ನೆನ್ನೆ’ ಎಂದರೆ ನೆನಪಿರುತ್ತದೆ, ‘ಸಾಮಾನ್ಯವಾಗಿ’ ಎಂದರೆ ಊಹೆ ಬರುತ್ತದೆ.

ಹಾಗಾಗಿ ಸರಾಸರಿಯೊಂದನ್ನೇ ಮಂಡಿಸುವ ವರದಿಯನ್ನು ನಾನು ಒಪ್ಪಲಾರೆ. ಮನೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ, 55ರ ಕೆಳಗೆ ಎಷ್ಟು ಮನೆ ಬಿದ್ದವು, ಅವು ಬೀದಿಯ ಯಾವ ತುದಿಯಲ್ಲಿವೆ ಎಂದು ನಕ್ಷೆಯಲ್ಲಿ ತೋರಿಸಿದಾಗ ಕೊನೆಯ ಮನೆಯವರ ಕಷ್ಟ ಕಾಗದದ ಮೇಲೆ ಬರುತ್ತದೆ.

ಇನ್ನು ಟ್ಯಾಂಕಿನ ಕಡೆ. ಮಕ್ಕಳು ಟ್ಯಾಂಕ್ ಹತ್ತಕೂಡದು. ಹೊರಗಿನ ಮಟ್ಟಸೂಚಕವನ್ನು ಓದಬೇಕು, ಇಲ್ಲದಿದ್ದರೆ ನೀರಗಂಟಿಯಿಂದ ಕೇಳಿಕೊಳ್ಳಬೇಕು. ನಮ್ಮ ಉದಾಹರಣೆಯ ಟ್ಯಾಂಕಿನ ಒಳವ್ಯಾಸ 5 ಮೀಟರ್, ಅಂದರೆ ತಳದ ವಿಸ್ತೀರ್ಣ ಸುಮಾರು 19.6 ಚದರ ಮೀಟರ್. ಆ ಗಂಟೆಯಲ್ಲಿ ಮಟ್ಟ 1.2 ಮೀಟರ್ ಇಳಿದರೆ ಹೊರಟ ನೀರು ಸುಮಾರು 23,500 ಲೀಟರ್. ಮನೆಗಳಿಗೆ ಮುಟ್ಟಿದ್ದು 18,000. ನಡುವೆ 5,500 ಲೀಟರ್ ಕಾಣೆಯಾಗಿದೆ.

ಸೋರಿಕೆ ಎಂದು ತಕ್ಷಣ ಬರೆಯುವಂತಿಲ್ಲ. ಅಳತೆಯಲ್ಲೇ ಹತ್ತು ಪರ್ಸೆಂಟ್ ಏರುಪೇರು ಇದ್ದರೆ 18,000ದಲ್ಲಿ 1,800 ಆಚೀಚೆಯಾಗಬಹುದು. ಆಗಲೂ 3,700 ಲೀಟರ್ ಉಳಿಯುತ್ತದೆ, ಆದ್ದರಿಂದ ಹುಡುಕುವುದು ಸಾರ್ಥಕ. ಅದು ಬೀದಿಯ ತೊಂಬೆಗೆ ಹೋಗಿರಬಹುದು, ತಲೆಯಿಲ್ಲದ ನಲ್ಲಿಯಿಂದ ಚರಂಡಿಗೆ ಹರಿದಿರಬಹುದು, ಸಮೀಕ್ಷೆಯ ಪಟ್ಟಿಯಲ್ಲಿಲ್ಲದ ಮನೆಗೆ ಸೇರಿರಬಹುದು. ಇವನ್ನೆಲ್ಲ ಪರೀಕ್ಷಿಸಿದ ಮೇಲೆ ಒಂದು ನೇರ ಪ್ರಯೋಗವಿದೆ: ಬೀದಿಯವರೆಲ್ಲರ ಒಪ್ಪಿಗೆ ಪಡೆದು, ಎಲ್ಲ ನಲ್ಲಿ ಮುಚ್ಚಿಸಿ, ಟ್ಯಾಂಕಿಗೆ ನೀರು ಏರಿಸುವುದನ್ನು ನಿಲ್ಲಿಸಿ, ವಾಲ್ವ್ ತೆರೆದಿಟ್ಟು ಅರ್ಧ ಗಂಟೆ ಕಾಯುವುದು. ಆಗಲೂ ಮಟ್ಟ ಇಳಿದರೆ ಪ್ರತಿ ಸೆಂಟಿಮೀಟರಿಗೂ 196 ಲೀಟರ್ ಎಲ್ಲೋ ಹರಿದುಹೋಗಿದೆ ಎಂದರ್ಥ.

ಮಂಡನೆಗೆ ಸೂಕ್ತ ಜಾಗ ಪಂಚಾಯಿತಿಯ ಮಕ್ಕಳ ಗ್ರಾಮಸಭೆ. ಅಲ್ಲಿ ತೋರಿಸುವ ನಕ್ಷೆಯಲ್ಲಿ ಮನೆಯ ಯಜಮಾನರ ಹೆಸರಿರಬಾರದು. ಮೋಟಾರ್ ಹಾಕಿದವರ ಗುರುತಂತೂ ಖಂಡಿತ ಬೇಡ. ಊರಿನಲ್ಲಿ ಜಗಳ ಹುಟ್ಟಿದರೆ ಮುಂದಿನ ವರ್ಷದ ತಂಡವನ್ನು ಯಾರೂ ನಲ್ಲಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಪಿಡಿಒ ಅವರನ್ನು ‘ನೀರು ಕೊಡಿ’ ಎಂದು ಕೇಳುವುದಕ್ಕಿಂತ ‘ಕೊನೆಯ 12 ಮನೆಗಳಿಗೆ ಬೇರೆ ವಾಲ್ವ್ ಇಟ್ಟು ಇಪ್ಪತ್ತು ನಿಮಿಷ ಪ್ರತ್ಯೇಕವಾಗಿ ಬಿಡಲು ಆಗುತ್ತದೆಯೇ?’ ಎಂದು ಕೇಳಿದರೆ, ಅವರು ಹೌದು ಅಥವಾ ಇಲ್ಲ ಎನ್ನಬೇಕಾಗುತ್ತದೆ.

ಹೌದು ಎಂದು ವಾಲ್ವ್ ಹಾಕಿಸಿದರೆ, ಅದೇ ಮನೆಗಳಲ್ಲಿ, ತೂಗಿ ನೋಡಿದ ಅದೇ ಬಕೆಟ್ಟಿನಲ್ಲಿ ಮತ್ತೆ ಅಳೆಯಬೇಕು. ಅಷ್ಟರಲ್ಲಿ ಊರಿಗೆ ಹೊಸ ಕೊಳವೆಬಾವಿ ಸೇರಿದ್ದರೆ ಅಥವಾ ನೀರು ಬಿಡುವ ಹೊತ್ತು ಬದಲಾಗಿದ್ದರೆ, ಹೆಚ್ಚಿದ ನೀರು ವಾಲ್ವಿನಿಂದಲೇ ಬಂತು ಎಂದು ಹೇಳಲಾಗದು. ಆ ಮಾತನ್ನೂ ವರದಿಯಲ್ಲೇ ಬರೆಯಬೇಕು.