ಇಪ್ಪತ್ತೆಂಟು ಚುಕ್ಕಿಯ ಸುಳ್ಳು ಮಿತ್ರ

ಇಂಟರ್ನಲ್ಸ್ ಶುರುವಾಗೋ ಹಿಂದಿನ ದಿನ, ಮಂಗಳವಾರ ರಾತ್ರಿ, ಹರಿಹರದಿಂದ ಅಮ್ಮ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಕೆಳಗೆ ಒಂದೇ ಸಾಲು: ‘ಎಲಿ ಎಲ್ಲ ಜರಡಿ ಆಗೇತಿ ನೋಡಪಾ, ಏನ್ ಮಾಡ್ಲಿ?’

ಅದು ತಾರಸಿಯ ಮೇಲಿನ ಬದನೆ ಗಿಡ. ನಾಲ್ಕೇ ಗಿಡ ಇದ್ದವು, ನಾಲ್ಕೂ ಅಜ್ಜಿಯ ಮುಳ್ಳುಗಾಯಿ ಬೀಜದವು. ಅಜ್ಜಿ ಹೋದ ಮೇಲೆ ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಂಟು ಸಿಕ್ಕಿತ್ತು. ಅದರಲ್ಲಿದ್ದ ಬೀಜಗಳಲ್ಲಿ ಮೊಳೆತದ್ದು ಇಷ್ಟೇ. ಈ ಗಿಡಗಳಲ್ಲಿ ಒಂದು ಕಾಯಾದರೂ ಹಣ್ಣಾಗದಿದ್ದರೆ ಆ ತಳಿ ನಮ್ಮ ಮನೆಯಿಂದ ಹೋದಂತೆಯೇ.

ನಾನು ದಾವಣಗೆರೆಯ ರೂಮಿನಲ್ಲಿ ಕೂತು ಫೋಟೊ ಜೂಮ್ ಮಾಡಿದೆ. ಎಲೆ ತುಂಬ ತೂತು, ಮೂಲೆಯಲ್ಲಿ ಗುಂಡಗಿನ, ಕೆಂಪು ಮಿಶ್ರಿತ ಕಂದು ಬಣ್ಣದ, ಕಪ್ಪು ಚುಕ್ಕಿಯ ಹುಳು. ಶಾಲೆಯಲ್ಲಿ ಓದಿದ್ದು ನೆನಪಾಯಿತು. ‘ಅದು ಗುಲಗಂಜಿ ಹುಳು ಅಮ್ಮ, ಹೇನು ತಿನ್ನುತ್ತೆ, ರೈತನ ಮಿತ್ರ. ಮುಟ್ಟಬೇಡ’ ಎಂದು ಟೈಪ್ ಮಾಡಿ ಮಲಗಿದೆ. ಶನಿವಾರ ಊರಿಗೆ ಹೋಗುವಷ್ಟರಲ್ಲಿ ಒಂದು ಗಿಡದ ಎಲೆಯೆಲ್ಲ ಒಣಗಿದ ಬಲೆಯಂತಾಗಿತ್ತು. ಆ ಗಿಡ ಮತ್ತೆ ಚಿಗುರಲಿಲ್ಲ.

ತಪ್ಪು ಫೋಟೊದ್ದಲ್ಲ, ನಾನು ಓದಿದ ರೀತಿಯದ್ದು. ಹುಳುವನ್ನು ನೋಡಿದೆ, ಎಲೆಯನ್ನು ನೋಡಲಿಲ್ಲ. ಎಲೆಯಲ್ಲೇ ಉತ್ತರ ಇತ್ತು. ಮರಿಹುಳು ಎಲೆಯ ಅಂಚಿನಿಂದಲೋ ನಡುವಿನಿಂದಲೋ ಆರಪಾರ ಕತ್ತರಿಸಿ ತಿನ್ನುತ್ತದೆ, ಕೆಳಗಿನ ಎಲೆಯ ಮೇಲೆ ಕಪ್ಪು ಹಿಕ್ಕೆಯ ಕಾಳು ಬಿದ್ದಿರುತ್ತವೆ. ಬಸವನಹುಳು ತಿಂದಿದ್ದರೆ ಬೆಳಿಗ್ಗೆ ಒಣಗಿದ ಲೋಳೆಯ ಗೆರೆ ಮಿನುಗುತ್ತದೆ. ನಮ್ಮ ಎಲೆಯಲ್ಲಿ ಇವೆರಡೂ ಇರಲಿಲ್ಲ. ಹಸಿರನ್ನಷ್ಟೇ ಸಾಲುಸಾಲಾಗಿ ಕೆರೆದು, ನರ ಮತ್ತು ತೆಳ್ಳನೆಯ ಪೊರೆ ಬಿಟ್ಟಿತ್ತು. ಆ ಪೊರೆ ಒಣಗಿ ಉದುರಿದ ಮೇಲೆ ತೂತಿನಂತೆ ಕಾಣುತ್ತಿತ್ತು. ಎಲೆಯನ್ನು ಆಕಾಶಕ್ಕೆ ಹಿಡಿದು ಫೋಟೊ ತೆಗೆದಿದ್ದರೆ ಇದು ಮಂಗಳವಾರವೇ ಗೊತ್ತಾಗುತ್ತಿತ್ತು.

ಹೀಗೆ ಕೆರೆದು ತಿನ್ನುವುದು ಎಪಿಲಾಕ್ನಾ ದುಂಬಿ. ಕೆಲವರು ಹಡ್ಡಾ ದುಂಬಿ ಅಂತಲೂ ಕರೆಯುತ್ತಾರೆ. ಇದು ಗುಲಗಂಜಿ ಹುಳುವಿನ ಕುಟುಂಬದ್ದೇ, ಆದರೆ ಹೇನು ಬಿಟ್ಟು ಎಲೆ ತಿನ್ನುವ ದಾಯಾದಿ. ನಿಜವಾದ ಮಿತ್ರನ ಬೆನ್ನು ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಫೋಟೊದಲ್ಲಿ ಬೆಳಕಿನ ಬಿಳಿ ಚುಕ್ಕೆ ಕಾಣುತ್ತದೆ. ಎಪಿಲಾಕ್ನಾ ಮೈಮೇಲೆ ಸಣ್ಣ ರೋಮ ಇರುವುದರಿಂದ ಮಾಸಲು. ನಮ್ಮದಕ್ಕೆ ಒಂದೊಂದು ರೆಕ್ಕೆಯ ಮೇಲೆ ಹದಿನಾಲ್ಕರಂತೆ ಒಟ್ಟು 28 ಚುಕ್ಕಿ. (ಎಣಿಸಿದೆ. ಎಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಉಪಯೋಗ.) ಅನುಮಾನ ಬಂದರೆ ಎಲೆ ಮಗುಚಿ ನೋಡಬೇಕು. ಅಡಿಯಲ್ಲಿ ಹಳದಿ ಮೊಟ್ಟೆಗಳ ಗುಂಪು ನೆಟ್ಟಗೆ ನಿಂತಿರುತ್ತದೆ. ಪಕ್ಕದಲ್ಲಿ ಕವಲೊಡೆದ ಮುಳ್ಳಿನ ಹಳದಿ ಮರಿಗಳು ಪುಟ್ಟ ಬ್ರಷ್‌ನಂತೆ ಅಂಟಿಕೊಂಡಿರುತ್ತವೆ. ಮಿತ್ರಹುಳುವಿನ ಮೊಟ್ಟೆಯೂ ಹಳದಿಯೇ, ಆದ್ದರಿಂದ ಮೊಟ್ಟೆಯೊಂದನ್ನೇ ನಂಬುವಂತಿಲ್ಲ. ಆದರೆ ಅದರ ಮರಿ ಕಪ್ಪಗೆ, ಮೊಸಳೆಯಾಕಾರದಲ್ಲಿ, ಚುರುಕಾಗಿ ಓಡಾಡುತ್ತಿರುತ್ತದೆ.

ನಾನು ಹೋಗುವಷ್ಟರಲ್ಲಿ ಪಕ್ಕದ ಮನೆಯ ಮಾಮ ಹೊಲದಿಂದ ಉಳಿದ ಕೀಟನಾಶಕದ ಬಾಟಲಿ ತಂದುಕೊಟ್ಟಿದ್ದರು. ಲೇಬಲ್ ಮೇಲೆ ಹಳದಿ ಬಣ್ಣದ ಗುರುತು. ಕೆಂಪಾದರೆ ಅತ್ಯಂತ ತೀವ್ರ ವಿಷ, ಅದರ ನಂತರದ್ದೇ ಹಳದಿ, ಆಮೇಲೆ ನೀಲಿ, ಹಸಿರು. ನೀರಿನ ಟ್ಯಾಂಕ್ ಪಕ್ಕದಲ್ಲಿ, ಮೂರು ದಿನಕ್ಕೊಮ್ಮೆ ಕಾಯಿ ಕೀಳುವ ಗಿಡಕ್ಕೆ ಅದನ್ನು ಹೊಡೆಯುವುದು ಬೇಡ ಎಂದೆ. ‘ಹೋದ ಸಲ ನಿನ್ ಮಾತು ಕೇಳಿ ಒಂದು ಗಿಡ ಹೋತು’ ಎಂದಳು ಅಮ್ಮ. ಒಂದು ವಾರ ಸಮಯ ಕೇಳಿಕೊಂಡೆ.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುನ್ನ ಕೈಯಿಂದ ಆರಿಸುವ ಕೆಲಸ. ಆ ಹೊತ್ತಿಗೆ ದುಂಬಿಗಳು ಮಂದವಾಗಿರುತ್ತವೆ. ಮುಟ್ಟಿದರೆ ಸತ್ತಂತೆ ನಟಿಸಿ ಕೆಳಗೆ ಬೀಳುತ್ತವೆ. ಇದು ನಮಗೇ ಅನುಕೂಲ. ಸೋಪಿನ ನೀರಿನ ಮಗ್ ಅನ್ನು ಎಲೆಯ ಕೆಳಗೆ ಹಿಡಿದು ಎಲೆ ತಟ್ಟಿದರೆ ತಾವೇ ಅದರೊಳಗೆ ಬೀಳುತ್ತವೆ. ಮೊಟ್ಟೆಯ ಗುಂಪುಗಳನ್ನು ಬೆರಳಿನಿಂದ ಒರೆಸಿದೆವು, ಮರಿ ತುಂಬಿದ್ದ ಎಲೆಗಳನ್ನು ಕಿತ್ತೆವು. ಮೂರು ಗಿಡಕ್ಕೆ ಅರ್ಧ ಗಂಟೆ ಹಿಡಿಯಿತು. ನಾಲ್ಕಾರು ಗಿಡ ಇರುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ, ಎಕರೆಗಟ್ಟಲೆ ಬೆಳೆದವರಿಗೆ ಇದು ಆಗದ ಮಾತು.

ಕಣ್ಣಿಗೆ ಬೀಳದ ಮರಿಗಳಿಗೆ ಬೇವಿನ ಎಣ್ಣೆ. ಒಂದು ಲೀಟರ್ ನೀರಿಗೆ 5 ಎಂ.ಎಲ್. ಎಣ್ಣೆ, ಅಂದರೆ ಒಂದು ಚಹಾ ಚಮಚ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಮೊದಲು ಅದನ್ನು 1–2 ಎಂ.ಎಲ್. ದ್ರವ ಸೋಪಿನ ಜೊತೆ ಕಲಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಉಗುರುಬೆಚ್ಚಗಿನ ನೀರು ಹಾಕುತ್ತ ಹಾಲಿನ ಬಣ್ಣ ಬರುವವರೆಗೆ ಕದಡಬೇಕು. ಅಮ್ಮ ಮೊದಲ ಸಲ ಬಟ್ಟೆ ಸೋಪಿನ ಪುಡಿ ಒಂದು ಚಮಚ ಸುರಿದಳು. ಅದೃಷ್ಟಕ್ಕೆ ಒಂದೇ ಎಲೆಗೆ ಹಾಕಿ ಒಂದು ದಿನ ಕಾದಿದ್ದೆವು. ಮರುದಿನ ಅದರ ಅಂಚು ಸುಟ್ಟಂತಾಗಿತ್ತು. ಎರಡನೇ ಸಲ ಸರಿಯಾದ ಅಳತೆಯಲ್ಲಿ ಕಲಸಿದಾಗ ಎಲೆಗೆ ಏನೂ ಆಗಲಿಲ್ಲ. ಕೀಳಬೇಕಾದ ಕಾಯಿ ಕಿತ್ತುಕೊಂಡು, ಸಂಜೆ, ಎಲೆಯ ಅಡಿಭಾಗ ತೊಯ್ಯುವಂತೆ ಸಿಂಪಡಿಸಿದೆವು. ಸಂಜೆಯೇ ಯಾಕೆಂದರೆ ಬೇವಿನಲ್ಲಿ ಕೆಲಸ ಮಾಡುವ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಹಾಳಾಗುತ್ತದೆ. ಹೂವಿಗೆ ಬರುವ ಜೇನಿಗೂ ಆ ಹೊತ್ತು ಸುರಕ್ಷಿತ.

ಎರಡು ದಿನ ಬಿಟ್ಟು ಫೋನ್: ‘ನಿನ್ ಎಣ್ಣಿ ಕುಡ್ದು ಇನ್ನೂ ಗುಂಡಗ ಕುಂತಾವು!’ ಬೇವು ಹೊಡೆದ ತಕ್ಷಣ ಹುಳು ಉರುಳುವುದಿಲ್ಲ. ಅದು ಹುಳುವಿನ ತಿನ್ನುವ ಆಸೆ ಕುಂದಿಸುತ್ತದೆ, ಮರಿಗಳು ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಹಾಗಾಗಿ ಸತ್ತ ಹುಳು ಎಣಿಸುವ ಬದಲು ಹೊಸ ಚಿಗುರು ನೋಡಬೇಕು. ಚಿಗುರಿನ ಫೋಟೊ ಕಳಿಸು ಎಂದೆ, ಮೇಲಿಂದ ಒಂದು, ಅಡಿಯಿಂದ ಒಂದು. ಕೆರೆತ ಇರಲಿಲ್ಲ. ಉಳಿದ ಮೊಟ್ಟೆ ಅಷ್ಟರೊಳಗೆ ಒಡೆಯುವುದರಿಂದ ಏಳನೇ ದಿನ ಮತ್ತೊಮ್ಮೆ ಸಿಂಪಡಿಸಿದಳು. ಬೆಳೆದ ದುಂಬಿಗಳ ಮೇಲೆ ಇದರ ಆಟ ಅಷ್ಟಾಗಿ ನಡೆಯುವುದಿಲ್ಲ, ಅವಕ್ಕೆ ಮಗ್ಗೇ ಸರಿ.

ಆದರೂ ದಿನಕ್ಕೆ ಎರಡು ಮೂರು ಹೊಸ ದುಂಬಿ ಬರುತ್ತಲೇ ಇದ್ದವು. ಎಲ್ಲಿಂದ ಎಂದು ಮುಂದಿನ ವಾರ ಹುಡುಕಿದಾಗ ಪಕ್ಕದ ಖಾಲಿ ಸೈಟಿನಲ್ಲಿ ಸಿಕ್ಕಿತು. ಅಲ್ಲಿ ತಾನಾಗಿ ಬೆಳೆದಿದ್ದ ಗಣಿಕೆ ಸೊಪ್ಪಿನ ಗಿಡಗಳ ಎಲೆಯೂ ಜರಡಿ! ಗಣಿಕೆಯೂ ಬದನೆಯ ಬಳಗದ್ದೇ. ಹುಳು ಇದ್ದ ಗಿಡಗಳನ್ನು ಕಿತ್ತು ಚೀಲದಲ್ಲಿ ಕಟ್ಟಿದೆವು. ಬರುವುದು ಗಣನೀಯವಾಗಿ ಇಳಿಯಿತು.

ಮೂರನೇ ವಾರ ಅಮ್ಮ ಕಳಿಸಿದ ಫೋಟೊದಲ್ಲಿ ಎಲೆಯಡಿ ಕೆಲವು ಮರಿಗಳು ಹಳದಿ ಹೋಗಿ ಕಂದಾಗಿ, ಉಬ್ಬಿಕೊಂಡು ಅಂಟಿದ್ದವು. ‘ಇವನ್ನ ಒರಸ್ಲಾ?’ ಎಂದು ಕೇಳಿದ್ದಳು. ಈ ಸಲ ಆತುರಪಡದೆ ಹುಡುಕಿ ಓದಿದೆ. ಪೀಡಿಯೋಬಿಯಸ್ ಎಂಬ ಸಾಸಿವೆಗಿಂತ ಚಿಕ್ಕ ಕಣಜ ಎಪಿಲಾಕ್ನಾ ಮರಿಯೊಳಗೆ ಮೊಟ್ಟೆ ಇಡುತ್ತದೆ. ಅದರ ಮಕ್ಕಳು ಒಳಗಿನಿಂದ ತಿಂದು, ಆ ಕಂದು ಚಿಪ್ಪಿಗೆ ತೂತು ಕೊರೆದು ಹೊರಬರುತ್ತವೆ. ಮಾಮನ ಬಾಟಲಿ ಹೊಡೆದಿದ್ದರೆ ಈ ಕಣಜಕ್ಕೂ ಉಳಿಗಾಲವಿರಲಿಲ್ಲ. ‘ಅವನ್ನ ಬಿಡು, ಈ ಸಲ ಖಾತ್ರಿ’ ಎಂದೆ. ಅಮ್ಮ ನಂಬದೆ ಒಂದನ್ನು ಎಲೆ ಸಮೇತ ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ತೆಳುಬಟ್ಟೆ ಕಟ್ಟಿದಳು. ನಾಲ್ಕು ದಿನದ ಮೇಲೆ ಬಂದ ವಿಡಿಯೊದಲ್ಲಿ ಗಾಜಿನ ಮೇಲೆ ಕಪ್ಪು ಚುಕ್ಕಿಗಳು ನಡೆದಾಡುತ್ತಿದ್ದವು.

ಈಗ ಮೂರು ಗಿಡಗಳಲ್ಲೂ ಕಾಯಿದೆ. ನಡುವಿನ ಗಿಡದಲ್ಲಿ ಒಂದು ಕಾಯನ್ನು ಕೀಳದೆ ಬಿಟ್ಟಿದ್ದೇವೆ. ಗುರುತಿಗೆ ಅಮ್ಮ ಅಜ್ಜಿಯ ಸೀರೆಯ ಅಂಚಿನ ತುಂಡು ಕಟ್ಟಿದ್ದಾಳೆ. ಅದು ಹಳದಿಗೆ ತಿರುಗಲು ಶುರುವಾಗಿದೆ. ಸೋಪಿನ ಮಗ್ ಇನ್ನೂ ತಾರಸಿಯ ಗೋಡೆಯ ಮೇಲೇ ಇದೆ.