ವಿಲ್ ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿ ಯಾರಿಗೆ ಎಷ್ಟು?

ವಿಲ್ ಬರೆಯದೆ ತೀರಿಕೊಂಡ ಕ್ರೈಸ್ತರ ಆಸ್ತಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹಂಚಿಕೆಯಾಗುತ್ತದೆ. ಹೆಂಡತಿ, ಮಕ್ಕಳು ಇಬ್ಬರೂ ಇದ್ದರೆ ಲೆಕ್ಕ ಸರಳ: ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಕಾಯ್ದೆಯ 33ನೇ ಕಲಮು ಹೇಳುವುದು ಇದನ್ನೇ. ಹೆಂಡತಿ ತೀರಿಕೊಂಡು ಗಂಡ ಉಳಿದರೂ ಇದೇ ಲೆಕ್ಕ.

ಮಕ್ಕಳು ಎಷ್ಟೇ ಇರಲಿ, ಹೆಂಡತಿಯ ಪಾಲು ಹೆಚ್ಚುಕಡಿಮೆಯಾಗುವುದಿಲ್ಲ. ಆರು ಮಕ್ಕಳಿದ್ದರೂ ಆಕೆಗೆ ಮೂರರಲ್ಲೊಂದು, ಒಬ್ಬನೇ ಮಗನಿದ್ದರೂ ಅಷ್ಟೇ. ಹಿಂದೂ ಕಾನೂನಿನಲ್ಲಿ ವಿಧವೆ ಮಕ್ಕಳ ಸಾಲಿನಲ್ಲೇ ನಿಂತು ಅವರಷ್ಟೇ ಪಾಲು ಪಡೆಯುವುದರಿಂದ, ಅಕ್ಕಪಕ್ಕದ ಮನೆಯ ಲೆಕ್ಕ ನೋಡಿ ಹೇಳಿದ್ದು ಇಲ್ಲಿ ತಪ್ಪಾಗುತ್ತದೆ. ಮಕ್ಕಳಿರುವಾಗ ತೀರಿಕೊಂಡವರ ತಂದೆತಾಯಿಗೆ ಏನೂ ಬರುವುದಿಲ್ಲ. ಮುದಿ ತಾಯಿ ಮಗನ ಮನೆಯಲ್ಲೇ ಇದ್ದರೂ ಸರಿ. ಇದು ಕಾಯ್ದೆಯ ಕಠಿಣ ಮುಖ.

ಮಕ್ಕಳಲ್ಲಿ ಗಂಡು, ಹೆಣ್ಣು ಎಂಬ ಭೇದವಿಲ್ಲ. ತಂದೆ ಸಾಯುವಾಗ ತಾಯಿಯ ಹೊಟ್ಟೆಯಲ್ಲಿದ್ದ ಮಗುವೂ ಜೀವಂತ ಹುಟ್ಟಿದರೆ ಸಮಪಾಲುದಾರ. ತಿರುವಾಂಕೂರಿನ ಹಳೆಯ ಕ್ರೈಸ್ತ ಕಾನೂನಿನಲ್ಲಿ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿಯೂ 1925ರ ಕಾಯ್ದೆಯೇ ಅನ್ವಯಿಸುತ್ತದೆ ಎಂದು 1986ರಲ್ಲಿ ತೀರ್ಪು ಬಂತು.

ಒಂದು ಉದಾಹರಣೆಗೆ, ಮಂಗಳೂರಿನ ಒಂದು ಮನೆ ಎಂದಿಟ್ಟುಕೊಳ್ಳಬಹುದು. ಯಜಮಾನರು ತೀರಿಕೊಂಡಾಗ ಅವರ ಹೆಸರಲ್ಲಿದ್ದುದು 40 ಲಕ್ಷ ಬೆಲೆಯ ಮನೆ, ಬ್ಯಾಂಕಿನಲ್ಲಿ 10 ಲಕ್ಷ. ಸಾಲವೂ ಅಂತ್ಯಕ್ರಿಯೆಯ ಖರ್ಚೂ ಸೇರಿ 5 ಲಕ್ಷ. ಅದು ಮೊದಲು ತೀರಬೇಕು. ಹಂಚಿಕೆಗೆ ಉಳಿಯುವುದು 45 ಲಕ್ಷ. ಹೆಂಡತಿಗೆ 15 ಲಕ್ಷ. ಮಿಕ್ಕ 30 ಲಕ್ಷಕ್ಕೆ ಮೂವರು ಮಕ್ಕಳು: ಹಿರಿಮಗ, ಮಗಳು ಬದುಕಿದ್ದಾರೆ, ಕಿರಿಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದಾನೆ, ಅವನಿಗೆ ಹೆಂಡತಿ ಮತ್ತು ಎರಡು ಮಕ್ಕಳು. 30 ಲಕ್ಷ ಮೂರು ಕವಲಾಗುತ್ತದೆ. ಹಿರಿಮಗನಿಗೆ 10, ಮಗಳಿಗೆ 10. ಕಿರಿಮಗನ 10 ಲಕ್ಷ ಅವನ ಇಬ್ಬರು ಮಕ್ಕಳಿಗೆ ತಲಾ 5ರಂತೆ ಹೋಗುತ್ತದೆ. ಅವನ ಹೆಂಡತಿಗೆ ಮಾವನ ಆಸ್ತಿಯಲ್ಲಿ ಪಾಲಿಲ್ಲ. ಕಿರಿಮಗ ತಂದೆಯ ನಂತರ ತೀರಿಕೊಂಡಿದ್ದರೆ ಆ 10 ಲಕ್ಷ ಅವನದೇ ಆಗಿರುತ್ತಿತ್ತು, ಅದರಲ್ಲಿ ಮೂರರಲ್ಲೊಂದು ಆಕೆಗೆ ಬರುತ್ತಿತ್ತು. ಯಾರು ಮೊದಲು ಹೋದರು ಎಂಬುದರ ಮೇಲೆ ಸೊಸೆಯ ಪಾಲು ನಿಂತಿದೆ.

ಇದೇ ಮನೆಯಲ್ಲಿ ಜಗಳ ಹುಟ್ಟುವುದು ಸಾಮಾನ್ಯವಾಗಿ ಇನ್ನೊಂದು ಕಡೆ. 'ಅವಳಿಗೆ ಮದುವೆಯಲ್ಲೇ ಚಿನ್ನ ಹಾಕಿ ಕಳಿಸಿದ್ದೇವಲ್ಲ' ಎನ್ನುತ್ತಾನೆ ಅಣ್ಣ. 'ನೀನು ಗಲ್ಫಿಗೆ ಹೋಗಲು ಅಪ್ಪ ಕೊಟ್ಟ ದುಡ್ಡು ಎಲ್ಲಿ ಹೋಯಿತು' ಎನ್ನುತ್ತಾಳೆ ತಂಗಿ. ಕಾನೂನು ಎರಡನ್ನೂ ಕೇಳುವುದಿಲ್ಲ. ತಂದೆ ಬದುಕಿದ್ದಾಗ ಮಗ ಅಥವಾ ಮಗಳ ಬಾಳಿಗೆ ನೆಲೆ ಮಾಡಿಕೊಡಲು ಕೊಟ್ಟದ್ದನ್ನು ಪಾಲಿನಿಂದ ಕಳೆಯಕೂಡದು ಎಂದು 49ನೇ ಕಲಮು ಹೇಳುತ್ತದೆ. ಮಗಳು ತಾನಾಗಿ ಪಾಲು ಬಿಡುವುದಾದರೆ ಬಾಯಿಮಾತು ಸಾಲದು. ಮನೆ, ಜಮೀನಿನ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು.

ತಂದೆ ಬದುಕಿರುವಾಗ ಪಾಲು ಕೇಳುವ ಹಕ್ಕು ಕ್ರೈಸ್ತ ಮಕ್ಕಳಿಗಿಲ್ಲ. ಅಜ್ಜನಿಂದ ಬಂದ ತೋಟವಾದರೂ ತಂದೆಗೆ ಬಂದ ಮೇಲೆ ಅದು ಅವರದೇ. ಮಾರಬಹುದು, ವಿಲ್ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು. ಹುಟ್ಟಿನಿಂದಲೇ ಹಕ್ಕು ಬರುವ ಹಿಂದೂ ಅವಿಭಕ್ತ ಕುಟುಂಬದ ಪದ್ಧತಿ ಇಲ್ಲಿಲ್ಲ.

ಕಾಗದದ ಕೆಲಸದಲ್ಲಿ ಎಡವುವುದು ಎರಡು ಕಡೆ. ಬ್ಯಾಂಕಿನ ಹಣ ನಾಮಿನಿಯ ಕೈಗೆ ಬಂದರೂ ಅದು ಅವರದಾಗುವುದಿಲ್ಲ; ವಾರಸುದಾರರ ಪರವಾಗಿ ಪಡೆದದ್ದು ಮಾತ್ರ. ನಾಮಿನಿ ಹಿರಿಮಗನಾಗಿದ್ದರೂ ಆ ಹಣ ಮೇಲಿನ ಲೆಕ್ಕದಂತೆಯೇ ಹಂಚಬೇಕು. ನಾಮಿನಿಯೇ ಇಲ್ಲದಿದ್ದರೆ ದೊಡ್ಡ ಮೊತ್ತಕ್ಕೆ ಬ್ಯಾಂಕು ಸಾಮಾನ್ಯವಾಗಿ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳುತ್ತದೆ. ಜಮೀನಿಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಬೇಕು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟುಹೋದರೆ ಪಹಣಿಯಲ್ಲೂ ಆಕೆ ಕಾಣಿಸುವುದಿಲ್ಲ. ಆದರೆ ಪಹಣಿ ಕಂದಾಯದ ದಾಖಲೆಯಷ್ಟೇ. ಹೆಸರು ಬಿಟ್ಟಿತೆಂದ ಮಾತ್ರಕ್ಕೆ ಆಕೆಯ ಪಾಲು ಹೋಗುವುದಿಲ್ಲ, ಸಿವಿಲ್ ನ್ಯಾಯಾಲಯದಲ್ಲಿ ವಿಭಾಗ ದಾವೆ ಹೂಡಿ ಅದನ್ನು ಕೇಳಬಹುದು.